ದೀಪದ ಹಳದಿಯೋ, ಪಿತ್ತದ ಹಳದಿಯೋ

ಕಳೆದ ಮಳೆಗಾಲದ ಒಂದು ರಾತ್ರಿ ನಾನು ಊಟ ಮುಗಿಸಿ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ, ಸಾಗರದಲ್ಲಿರುವ ನನ್ನ ತಂಗಿಯಿಂದ ಮೊಬೈಲಿಗೆ ಒಂದು ಫೋಟೋ ಬಂದಿತು. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಅವಳ ಮಗ, ಜ್ವರವೆಂದು ನಾಲ್ಕು ದಿನದ ಹಿಂದೆ ಊರಿಗೆ ಬಂದವನು, ಜಗಲಿಯ ಬುರುಡೆ ದೀಪದ ಕೆಳಗೆ ಕುಳಿತು, ಯಾರೋ ಗದರಿಸಿದ್ದರಿಂದಲೋ ಎಂಬಂತೆ ಕಣ್ಣನ್ನು ದೊಡ್ಡದಾಗಿ ಅರಳಿಸಿಕೊಂಡಿದ್ದನು. ಚಿತ್ರದ ಕೆಳಗೆ ತಂಗಿ ಬರೆದಿದ್ದಳು: “ಅಣ್ಣಾ, ಫೋಟೋದಲ್ಲಿ ಇವನ ಕಣ್ಣು ಹಳದಿಯಾಗಿ ಕಾಣುತ್ತದೆ. ಇವರು ಹುಡುಗನನ್ನೇ ಎದುರಿಗೆ ಕೂರಿಸಿಕೊಂಡು ನೋಡಿ, ಏನೂ ಇಲ್ಲ ಅನ್ನುತ್ತಿದ್ದಾರೆ. ನೋಡಿ ಹೇಳು.”

ನಾನು ನೋಡಿದೆನು. ಹುಡುಗನ ಕಣ್ಣು ಹಳದಿಯಾಗಿದ್ದುದು ನಿಜ. ಆದರೆ ಅವನ ಕೆನ್ನೆಯೂ ಹಳದಿ, ಹಲ್ಲೂ ಹಳದಿ, ಹಿಂದಿನ ಸುಣ್ಣದ ಗೋಡೆಯೂ ಹಳದಿ, ಪಕ್ಕದಲ್ಲಿ ಅರ್ಧ ಮಾತ್ರ ಕಾಣುತ್ತಿದ್ದ ಭಾವನವರ ಪಂಚೆಯಂತೂ ಅರಿಶಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಗೋಡೆಗೂ ಪಂಚೆಗೂ ಕಾಮಾಲೆ ಬರುವುದಿಲ್ಲವಷ್ಟೆ. ನಲವತ್ತು ವರ್ಷ ರೋಗಿಗಳನ್ನು ನೋಡಿದವನೆಂಬ ಭರವಸೆಯಿಂದ, “ಅದು ದೀಪದ ಬಣ್ಣ, ಹೆದರಬೇಡ” ಎಂದು ಬರೆದು ಕಳಿಸಿದೆನು. ಹಾಗೆ ಬರೆದ ಮಾತಿನ ಮೊದಲರ್ಧ ಸರಿಯಾಗಿತ್ತು, ಎರಡನೆಯ ಅರ್ಧ ತಪ್ಪಾಗಿತ್ತು. ಫೋಟೋ ನೋಡಿ ಹಳದಿ ಎಂದ ತಾಯಿ, ಮಗನನ್ನು ನೋಡಿ ಹಳದಿ ಇಲ್ಲವೆಂದ ತಂದೆ, ಇಬ್ಬರನ್ನೂ ದಿಕ್ಕುತಪ್ಪಿಸಿದ್ದು ಒಂದೇ ದೀಪವೆಂಬುದೂ, ಅದು ಇಬ್ಬರನ್ನು ಒಂದಕ್ಕೊಂದು ವಿರುದ್ಧವಾದ ದಿಕ್ಕಿಗೆ ಎಳೆದಿತ್ತೆಂಬುದೂ ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ.

ಕಾಮಾಲೆಯ ಹಳದಿ ಎಲ್ಲಿಂದ ಬರುತ್ತದೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳಿ ಒಡೆದುಹೋಗುತ್ತವೆ. ಒಡೆದ ಕಣದೊಳಗಿನ ಕೆಂಪು ದ್ರವ್ಯವು ಹಂತಹಂತವಾಗಿ ಮಾರ್ಪಟ್ಟು ಬಿಲಿರುಬಿನ್ ಎಂಬ ಹಳದಿಯ ವಸ್ತುವಾಗುತ್ತದೆ. ಯಕೃತ್ತು ಅದನ್ನು ಹಿಡಿದು, ನೀರಿನಲ್ಲಿ ಕರಗುವ ರೂಪಕ್ಕೆ ತಂದು, ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಕಣಗಳು ಮಿತಿಮೀರಿ ಒಡೆದರೆ, ಯಕೃತ್ತು ಬಳಲಿದರೆ, ಅಥವಾ ಪಿತ್ತದ ನಾಳವು ಕಲ್ಲಿನಿಂದಲೋ ಗಡ್ಡೆಯಿಂದಲೋ ಮುಚ್ಚಿಕೊಂಡರೆ, ಈ ವಸ್ತು ರಕ್ತದಲ್ಲಿ ಉಳಿದು ಮೈಯ ಅಂಗಾಂಶಗಳಿಗೆಲ್ಲ ಬಣ್ಣವೇರಿಸುತ್ತದೆ. ಆರೋಗ್ಯವಂತರಲ್ಲಿ ಇದರ ಪ್ರಮಾಣ 100 ಮಿಲಿ ಲೀಟರಿಗೆ ಸುಮಾರು 1 ಮಿಲಿಗ್ರಾಮಿನ ಒಳಗೆ ಇರುತ್ತದೆ. ಅದು ಎರಡೂವರೆ ಮೂರರ ಹತ್ತಿರಕ್ಕೆ ಏರುವವರೆಗೆ ಪಳಗಿದ ಕಣ್ಣಿಗೂ, ಒಳ್ಳೆಯ ಹಗಲು ಬೆಳಕಿನಲ್ಲಿಯೂ ಹಳದಿ ಗೋಚರವಾಗುವುದಿಲ್ಲ.

ಮೊದಲು ಗೋಚರವಾಗುವುದು ಕಣ್ಣಿನಲ್ಲಿ. ಬಿಳಿಗುಡ್ಡೆಯನ್ನು ಹೊದೆದ ತೆಳುಪೊರೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳು ಹೇರಳವಾಗಿದ್ದು, ಅವು ಬಿಲಿರುಬಿನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಂದೆ ಶುಭ್ರವಾದ ಬಿಳಿಯ ಭಿತ್ತಿ ಇರುವುದರಿಂದ ಅಲ್ಪ ಬಣ್ಣವೂ ಎದ್ದು ತೋರುತ್ತದೆ. ಚರ್ಮದ ಸಾಕ್ಷ್ಯಕ್ಕೆ ಈ ಬೆಲೆಯಿಲ್ಲ. ನಮ್ಮ ನಾಡಿನವರ ಎಣ್ಣೆಗಪ್ಪು, ಗೋಧಿಬಣ್ಣಗಳ ಕೆಳಗೆ ಸಣ್ಣ ಪ್ರಮಾಣದ ಹಳದಿ ಅಡಗಿಹೋಗುತ್ತದೆ. ಆದುದರಿಂದ ಬಲ್ಲ ವೈದ್ಯನು ಮೈಬಣ್ಣವನ್ನು ನೆಚ್ಚಿಕೊಳ್ಳದೆ, ರೋಗಿಯನ್ನು ಕಿಟಕಿಯ ಬಳಿಗೆ ಕರೆದು, “ಕೆಳಗೆ ನೋಡಿ” ಎಂದು ಹೇಳಿ, ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ, ಗಾಳಿ ಬಿಸಿಲು ಧೂಳು ತಾಗದೆ ರೆಪ್ಪೆಯ ಮರೆಯಲ್ಲಿರುವ ಮೇಲ್ಭಾಗದ ಬಿಳಿಯನ್ನು ಪರೀಕ್ಷಿಸುತ್ತಾನೆ; ಆಮೇಲೆ ನಾಲಗೆಯನ್ನು ಮೇಲಕ್ಕೆ ಮಡಿಸಲು ಹೇಳಿ ಅದರ ಅಡಿಯನ್ನು ನೋಡುತ್ತಾನೆ.

ಕಿಟಕಿಯ ಬಳಿಗೆ ಏಕೆ ಕರೆಯಬೇಕು? ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳೊಬ್ಬರು, ಸೂರ್ಯಾಸ್ತದ ಮೇಲೆ ಕಾಮಾಲೆ ಇಲ್ಲವೆಂದು ಕೇಸ್‌ಷೀಟಿನಲ್ಲಿ ಬರೆದವನ ಬರಹವನ್ನು ಮರುದಿನ ಬೆಳಿಗ್ಗೆ ಎಲ್ಲರೆದುರಿಗೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಅಂದು ನಾವು ಅದನ್ನು ವಯಸ್ಸಾದವರ ಮಡಿಯೆಂದು ತಿಳಿದು ಒಳಗೊಳಗೆ ನಕ್ಕದ್ದುಂಟು. ಅದರ ಕಾರಣವನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಲೋಟ ನೀರಿಗೆ ಚಿಟಿಕೆಯಷ್ಟು ಅರಿಶಿನ ಬೆರೆಸಿ, ಒಂದು ಬಿಳಿಯ ಕರವಸ್ತ್ರದ ಅರ್ಧವನ್ನು ಅದರಲ್ಲಿ ಅದ್ದಿ, ಬಣ್ಣ ತೀರಾ ತೆಳುವಾಗಿ ಉಳಿಯುವಂತೆ ಹಿಂಡಿ ಒಣಗಿಸಿರಿ. ಹಗಲಿನಲ್ಲಿ ಹಿಡಿದರೆ ಯಾವ ಅರ್ಧ ಅದ್ದಿದ್ದು, ಯಾವ ಅರ್ಧ ಅದ್ದದಿದ್ದದ್ದು ಎಂದು ಮಗುವೂ ಹೇಳುತ್ತದೆ. ರಾತ್ರಿ ಉಳಿದ ದೀಪಗಳನ್ನೆಲ್ಲ ಆರಿಸಿ, ದೇವರ ಮನೆಯ ಎಣ್ಣೆಯ ದೀಪವೊಂದರ ಬೆಳಕಿನಲ್ಲಿ ಅದೇ ಬಟ್ಟೆಯನ್ನು ಹಿಡಿದು ನೋಡಿದರೆ ಎರಡು ಅರ್ಧಗಳ ನಡುವಣ ಗಡಿ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ.

ಇದರ ಮರ್ಮವು ನೀಲಿಯಲ್ಲಿದೆ. ಹಳದಿಯ ವಸ್ತುವು ಹಳದಿಯಾಗಿ ತೋರುವುದು ಅದು ತನ್ನ ಮೇಲೆ ಬಿದ್ದ ಬೆಳಕಿನಿಂದ ನೀಲಿಯ ಭಾಗವನ್ನು ನುಂಗಿ, ಉಳಿದುದನ್ನು ಹಿಂದಿರುಗಿಸುವುದರಿಂದ. ಬಿಳಿಯ ವಸ್ತುವು ನೀಲಿಯನ್ನೂ ಹಿಂದಿರುಗಿಸುತ್ತದೆ. ಬಿಳಿಯನ್ನೂ ಹಳದಿಯನ್ನೂ ಬೇರ್ಪಡಿಸುವ ಗೋಡೆಯೆಂದರೆ ಆ ನೀಲಿಯೊಂದೇ. ಹಗಲು ಬೆಳಕಿನಲ್ಲಿ ನೀಲಿ ಧಾರಾಳವಾಗಿದೆ. ಎಣ್ಣೆಯ ದೀಪದಲ್ಲಿಯೂ ಬುರುಡೆ ದೀಪದಲ್ಲಿಯೂ ಅದು ಅತ್ಯಲ್ಪ. ಇಂದು ಅವುಗಳ ಸ್ಥಾನಕ್ಕೆ ಬಂದಿರುವ ಹಳದಿ ಛಾಯೆಯ ಎಲ್‌ಇಡಿಗಳಲ್ಲಿಯೂ ಕಡಮೆಯೇ. ನುಂಗಲು ನೀಲಿಯೇ ಇಲ್ಲದಾಗ ನುಂಗುವವನಿಗೂ ನುಂಗದವನಿಗೂ ಭೇದವೆಲ್ಲಿಯದು? ಇದರ ಜೊತೆಗೆ ನಮ್ಮ ಕಣ್ಣು ಮನಸ್ಸುಗಳು ಅಲ್ಪಕಾಲದಲ್ಲಿಯೇ ದೀಪದ ಬಣ್ಣಕ್ಕೆ ಒಗ್ಗಿಕೊಂಡು, ಆ ಮಂದವಾದ ಹಳದಿಯನ್ನೇ ಬಿಳಿಯೆಂದು ಒಪ್ಪಿಬಿಡುತ್ತವೆ. ಜಗಲಿಯಲ್ಲಿ ಕುಳಿತಿದ್ದ ಭಾವನವರಿಗೆ ತಮ್ಮ ಪಂಚೆ ಬೆಳ್ಳಗೇ ಕಾಣುತ್ತಿತ್ತು; ಮಗನ ಕಣ್ಣೂ ಪಂಚೆಯಷ್ಟೇ ಬೆಳ್ಳಗೆ ಕಂಡಿತು. ಅವರು ಸುಳ್ಳು ಹೇಳಲಿಲ್ಲ, ಅಸಡ್ಡೆಯನ್ನೂ ಮಾಡಲಿಲ್ಲ. ಕಾಣಲಾಗದ ಬೆಳಕಿನಲ್ಲಿ ಕಾಣಲು ಪ್ರಯತ್ನಿಸಿದರು, ಅಷ್ಟೆ.

ಕ್ಯಾಮೆರಾದ ಪಾಡು ಬೇರೆ. ಅದಕ್ಕೆ ಒಗ್ಗಿಕೊಳ್ಳುವ ಮನಸ್ಸಿಲ್ಲ. ಆದರೆ ಒಗ್ಗಿಕೊಂಡಂತೆ ನಟಿಸುವ ಲೆಕ್ಕಾಚಾರವಿದೆ. ಚಿತ್ರ ತೆಗೆದ ಕ್ಷಣದಲ್ಲಿ ಫೋನು ದೃಶ್ಯವನ್ನೆಲ್ಲ ಒಮ್ಮೆ ತೂಗಿ ನೋಡಿ, ಇಲ್ಲಿಯ ಬೆಳಕು ಯಾವ ಬಣ್ಣದ್ದಿರಬಹುದೆಂದು ಊಹಿಸಿ, ಆ ಬಣ್ಣವನ್ನು ಚಿತ್ರದಿಂದ ಕಳೆಯುತ್ತದೆ. ಊಹೆ ಸರಿಯಾದರೆ ಬಿಳಿ ಬಿಳಿಯಾಗಿ ಮೂಡುತ್ತದೆ. ಕಳೆದುದು ಸಾಲದಿದ್ದರೆ, ನನಗೆ ಬಂದ ಫೋಟೋದಂತೆ, ಗೋಡೆ ಪಂಚೆ ಕಣ್ಣುಗಳೆಲ್ಲ ಒಂದೇ ಹಳದಿಯಲ್ಲಿ ಮುಳುಗುತ್ತವೆ. ತಂಗಿ ನೋಡಿದ್ದು ಈ ಹಳದಿಯನ್ನು. ವಿಚಿತ್ರವೆಂದರೆ ಇದರ ವಿಪರ್ಯಾಸವೂ ಉಂಟು: ನೀಲಿ ಬಣ್ಣ ಬಳಿದ ಗೋಡೆಯ ಮುಂದೆ ಆರೋಗ್ಯವಂತನೊಬ್ಬನನ್ನು ನಿಲ್ಲಿಸಿ ಚಿತ್ರ ತೆಗೆದರೆ, ಆ ಗೋಡೆಯ ನೀಲಿಯನ್ನು ಬೆಳಕಿನ ನೀಲಿಯೆಂದು ಫೋನು ತಪ್ಪು ತಿಳಿದು, ಅದನ್ನು ಸರಿದೂಗಿಸಲೆಂದು ಚಿತ್ರಕ್ಕೆಲ್ಲ ಹಳದಿಯನ್ನು ಸುರಿಯುವುದುಂಟು; ಗಟ್ಟಿಮುಟ್ಟಾದವನು ಕಾಮಾಲೆಯವನಂತೆ ಕಾಣುತ್ತಾನೆ. ಮದುವೆಯ ಹಳದಿ ಶಾಮಿಯಾನದ ಅಡಿಯಲ್ಲಿಯೋ ಅರಿಶಿನ ಬಣ್ಣದ ಸೀರೆಯ ಮಗ್ಗುಲಿನಲ್ಲಿಯೋ ನಿಂತವನ ಮೈಮೇಲೆ ಬಟ್ಟೆಯ ಬಣ್ಣವೇ ಪ್ರತಿಫಲಿಸುವುದರಿಂದ, ಅಲ್ಲಿಯ ಹಳದಿಯ ಮೇಲೆ ಯಾವ ತೀರ್ಮಾನವನ್ನೂ ಕಟ್ಟುವಂತಿಲ್ಲ.

ಮುಖವನ್ನು ಚೆಲುವಾಗಿಸುವೆನೆಂದು ಕಣ್ಣಿನ ಬಿಳಿಯನ್ನೂ ಹಲ್ಲನ್ನೂ ತಾನಾಗಿಯೇ ತೊಳೆದಿಡುವ ಫಿಲ್ಟರುಗಳಂತೂ ನಿಜವಾದ ಕಾಮಾಲೆಯನ್ನೇ ಒರೆಸಿಹಾಕಬಲ್ಲವು. ಇಷ್ಟೆಲ್ಲ ದಾಟಿ ಬಂದ ಚಿತ್ರವನ್ನು, ರಾತ್ರಿ ಕಣ್ಣಿಗೆ ತಂಪಾಗಿರಲೆಂದು ಪರದೆಯನ್ನು ಹಳದಿಗೆ ತಿರುಗಿಸಿಕೊಂಡ ಫೋನಿನಲ್ಲಿ ನೋಡಿದರೆ ಕಥೆ ಮುಗಿಯಿತು. ನನ್ನ ಫೋನು ಅಂದು ಹಾಗೆಯೇ ಇತ್ತೆಂದು ನನಗೆ ತಿಳಿದುದು ಮರುದಿನ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಾವು ರೋಗಿಗೆ ಅಂಟಿಸುತ್ತೇವೆ. ಕಾಮಾಲೆಯಾದವರನ್ನು ವಿಚಾರಿಸಿದರೆ ಲೋಕ ತಮಗೆ ಎಂದಿನಂತೆಯೇ ಕಾಣುತ್ತದೆಂದು ಹೇಳುತ್ತಾರೆ. ಗಾದೆ ಸರಿಯಾಗಿ ಒಪ್ಪುವುದು ಕ್ಯಾಮೆರಾಕ್ಕೆ.

ಹಾಗಾದರೆ ಫೋಟೋದಿಂದ ಏನನ್ನೂ ತಿಳಿಯಲಾಗದೆ? ತಿಳಿಯಬಹುದು, ಆದರೆ ಕಣ್ಣೊಂದನ್ನೇ ನೋಡಿ ಅಲ್ಲ. ಅದೇ ಚೌಕಟ್ಟಿನಲ್ಲಿ, ಅದೇ ಬೆಳಕಿನಲ್ಲಿ ಇರುವ, ನಿಶ್ಚಯವಾಗಿ ಬಿಳಿಯೆಂದು ನಮಗೆ ಗೊತ್ತಿರುವ ಇನ್ನೊಂದು ವಸ್ತುವಿನೊಡನೆ ಹೋಲಿಸಿ. ಹಲ್ಲು ಇದಕ್ಕೆ ಬಾರದು, ಅದು ಸಹಜವಾಗಿಯೇ ಹಳದಿಯ ಕಡೆಗಿದೆ. ಬರೆಯುವ ಹಾಳೆ ಉತ್ತಮ. ಹಾಳೆಯೂ ಕಣ್ಣೂ ಸಮನಾಗಿ ಹಳದಿಯಾಗಿದ್ದರೆ ಚಿತ್ರವು ಮೌನವಾಗಿದೆ ಎಂದರ್ಥ. ಕಾಮಾಲೆ ಇಲ್ಲವೆಂದು ಅರ್ಥವಲ್ಲ. ನಾನು ಎಡವಿದ್ದು ಇಲ್ಲಿಯೇ. ಹಾಳೆ ಬಿಳಿಯಾಗಿದ್ದು ಕಣ್ಣು ಮಾತ್ರ ಹಳದಿಯಾಗಿದ್ದರೆ ಆ ಹಳದಿ ಕಣ್ಣಿನದೇ ಎಂದು ನಂಬಲು ಕಾರಣವುಂಟು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ನವಜಾತ ಶಿಶುಗಳ ಕಾಮಾಲೆಯನ್ನು ಫೋನಿನಿಂದ ಅಳೆಯುವ ಬಿಲಿಕ್ಯಾಮ್ ಎಂಬ ಸಾಧನವನ್ನು ಪ್ರಕಟಿಸಿದಾಗ, ಮಗುವಿನ ಎದೆಯ ಮೇಲೆ ಗೊತ್ತಾದ ಬಣ್ಣಗಳ ಚೌಕಗಳನ್ನು ಮುದ್ರಿಸಿದ ಒಂದು ಚೀಟಿಯನ್ನಿಟ್ಟೇ ಚಿತ್ರ ತೆಗೆಯುವ ಕ್ರಮವನ್ನು ಅನುಸರಿಸಿದರು. ಯಂತ್ರವನ್ನು ಕಟ್ಟಿದವರೇ ಯಂತ್ರದ ಕಣ್ಣನ್ನು ಸಾಕ್ಷಿಯಿಲ್ಲದೆ ನಂಬಲಿಲ್ಲ.

ಆ ರಾತ್ರಿ ನನ್ನನ್ನು ಉಳಿಸಿದ್ದು ಬಣ್ಣದ ವಿದ್ಯೆಯಲ್ಲ, ಹಳೆಯ ಅಭ್ಯಾಸ. ಮಲಗುವ ಮುನ್ನ ಏನೋ ಬಾಕಿ ಉಳಿದಂತೆನಿಸಿ ತಂಗಿಗೆ ಫೋನು ಮಾಡಿ, ಮೂತ್ರದ ಬಣ್ಣ ಹೇಗಿದೆಯೆಂದು ಕೇಳು ಅವನನ್ನು ಎಂದೆನು. ಹಿಂದಿನಿಂದ ಹುಡುಗನ ಧ್ವನಿಯೇ ಬಂದಿತು: “ಮಾವ, ಎರಡು ದಿನದಿಂದ ಕಾಫಿ ಡಿಕಾಕ್ಷನ್ ಇದ್ದ ಹಾಗಿದೆ. ನೀರು ಕುಡಿದದ್ದು ಕಡಮೆಯಾಯಿತೇನೋ ಅಂದುಕೊಂಡೆ.” ಊಟ ಸೇರುತ್ತಿಲ್ಲ, ಒಗ್ಗರಣೆಯ ವಾಸನೆ ಬಂದರೆ ಓಕರಿಕೆ, ಆದರೆ ಜ್ವರ ಬಿಟ್ಟಿದೆ ಎಂದೂ ಹೇಳಿದನು. ಯಕೃತ್ತಿನ ಸೋಂಕಿನಲ್ಲಿ ನೀರಿನಲ್ಲಿ ಕರಗುವ ಬಿಲಿರುಬಿನ್ ರಕ್ತದಿಂದ ಮೂತ್ರಕ್ಕೆ ಸೋರುತ್ತದೆ. ಆದುದರಿಂದ ಕಣ್ಣು ಹಳದಿಯಾಗುವುದಕ್ಕೆ ಕೆಲವು ದಿನ ಮೊದಲೇ ಮೂತ್ರ ಕಪ್ಪಾಗುತ್ತದೆ. ಮೂತ್ರದ ಈ ಗಾಢತೆಗೆ ಬುರುಡೆ ದೀಪವೂ ಫಿಲ್ಟರೂ ಅಡ್ಡಬರಲಾರವು. ನಾನು ನನ್ನ ಮಾತನ್ನು ಹಿಂತೆಗೆದುಕೊಂಡು, ಬೆಳಗಾದೊಡನೆ ಜಗಲಿಯ ಅಂಚಿಗೆ, ನೇರ ಬಿಸಿಲು ಬೀಳದ ಕಡೆಗೆ, ಹುಡುಗನನ್ನು ಕೂರಿಸಿ, ಕೆನ್ನೆಯ ಪಕ್ಕಕ್ಕೆ ನೋಟ್‌ಪುಸ್ತಕದ ಬರೆಯದ ಹಾಳೆಯೊಂದನ್ನು ಹಿಡಿಸಿ, ಫ್ಲಾಷ್ ಆರಿಸಿ, ಕೆಳಗೆ ನೋಡುವಂತೆ ಹೇಳಿ ಮೇಲಿನ ರೆಪ್ಪೆಯನ್ನೆತ್ತಿ ಇನ್ನೊಂದು ಚಿತ್ರ ತೆಗೆಯಬೇಕೆಂದು ಹೇಳಿದೆನು.

ಬೆಳಿಗ್ಗೆ ಏಳೂವರೆಗೆ ಬಂದ ಚಿತ್ರದಲ್ಲಿ ಹಾಳೆ ಹಾಲಿನಂತೆ ಬೆಳ್ಳಗಿತ್ತು, ಅದರ ನೀಲಿ ಗೆರೆಗಳು ನೀಲಿಯಾಗಿಯೇ ಇದ್ದವು. ಕಣ್ಣು ಮಾಗಿದ ನಿಂಬೆಯ ಸಿಪ್ಪೆಯಂತಿತ್ತು. ಹಳದಿ ಒಂದು ಮೂಲೆಯಲ್ಲಿ ನಿಲ್ಲದೆ, ರೆಪ್ಪೆಯ ಮರೆಯಲ್ಲಿದ್ದ ಭಾಗದವರೆಗೂ, ಎರಡು ಕಣ್ಣುಗಳಲ್ಲಿಯೂ ಒಂದೇ ಸಮನಾಗಿ ಹರಡಿತ್ತು. ಈ ಕೊನೆಯ ಲಕ್ಷಣವನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮವರಲ್ಲಿ ಅನೇಕರಿಗೆ, ವಿಶೇಷವಾಗಿ ಬಿಸಿಲಿನಲ್ಲಿ ದುಡಿದವರಿಗೆ, ಕಣ್ಣಿನ ಬಿಳಿಯಲ್ಲಿ ತೆರೆದಿರುವ ಭಾಗದಲ್ಲಷ್ಟೇ ಕಂದು ಮಚ್ಚೆಗಳೋ ಮಾಸಿದ ಹಳದಿಯ ಸಣ್ಣ ಉಬ್ಬುಗಳೋ ಇರುತ್ತವೆ. ರೆಪ್ಪೆಯೆತ್ತಿದರೆ ಮೇಲ್ಭಾಗ ಬೆಳ್ಳಗಿರುತ್ತದೆ. ಅದು ಕಾಮಾಲೆಯಲ್ಲ. ತದ್ವಿರುದ್ಧವಾಗಿ, ಗಜ್ಜರಿ, ಪಪ್ಪಾಯಿ, ಸಿಹಿಗುಂಬಳಗಳನ್ನು ವಾರಗಟ್ಟಲೆ ಅತಿಯಾಗಿ ತಿಂದವರ ಅಂಗೈ ಅಂಗಾಲುಗಳೂ ಮೂಗಿನ ಮಗ್ಗುಲುಗಳೂ ಕಿತ್ತಳೆಯ ಹಳದಿಗೆ ತಿರುಗುವುದುಂಟು. ಅವರ ಕಣ್ಣು ಮಾತ್ರ ಶುಭ್ರವಾಗಿರುತ್ತದೆ, ಮೂತ್ರವೂ ಎಂದಿನಂತಿರುತ್ತದೆ. ಅದಕ್ಕೆ ಮದ್ದು ಬೇಡ, ಪಪ್ಪಾಯಿಯನ್ನು ಕಡಮೆ ಮಾಡಿದರೆ ಸಾಕು.

ಹಸುಗೂಸುಗಳ ವಿಷಯವನ್ನು ಇಲ್ಲಿ ಬಿಟ್ಟುಬಿಡುವುದು ನ್ಯಾಯವಾಗದು, ಏಕೆಂದರೆ ಬೆಳಕು ಅವುಗಳಲ್ಲಿ ಇನ್ನೊಂದು ಬಗೆಯ ಮೋಸವನ್ನು ಮಾಡುತ್ತದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1950ರ ದಶಕದ ನಡುವಿನಲ್ಲಿ, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳ ವಾರ್ಡನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೀನ್ ವಾರ್ಡ್ ಎಂಬಾಕೆ, ಒಳಗಿನ ಸೆಕೆಗಿಂತ ಹೊರಗಿನ ಗಾಳಿ ಬಿಸಿಲು ಮೇಲೆಂದು ನಂಬಿ ಮಕ್ಕಳನ್ನು ಅಂಗಳಕ್ಕೆ ತರುತ್ತಿದ್ದಳು. ಒಂದು ದಿನ ಆಕೆ ಕೂಸೊಂದನ್ನು ವೈದ್ಯರಿಗೆ ತೋರಿಸಿದಾಗ, ಅದರ ಮೈಯೆಲ್ಲ ತಿಳಿಯಾಗಿ, ಬಟ್ಟೆಯ ಮೂಲೆ ಮುಚ್ಚಿದ್ದ ಒಂದು ತ್ರಿಕೋಣಾಕಾರದ ಭಾಗ ಮಾತ್ರ ಗಾಢವಾದ ಹಳದಿಯಾಗಿ ಉಳಿದಿತ್ತು. ಅದೇ ಆಸ್ಪತ್ರೆಯ ಕಿಟಕಿಯ ಬಿಸಿಲಿನಲ್ಲಿ ಮರೆತು ಉಳಿದ ರಕ್ತದ ಮಾದರಿಯೊಂದರಲ್ಲಿಯೂ ಬಿಲಿರುಬಿನ್ ಇಳಿದಿದ್ದುದು ಕಂಡಿತು. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ಈ ಜಾಡನ್ನು ಹಿಡಿದು ನೀಲಿ ಬೆಳಕಿನ ಚಿಕಿತ್ಸೆಯನ್ನು ರೂಪಿಸಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಲಿರುಬಿನ್ ನುಂಗುವ ಆ ನೀಲಿಯೇ ಅದನ್ನು ಮೈಯಿಂದ ಹೊರಹೋಗಬಲ್ಲ ರೂಪಕ್ಕೆ ತಿರುಗಿಸುತ್ತದೆ. ಆದರೆ ಚಿಕಿತ್ಸೆ ಪಡೆದ ಕೂಸಿನ ಚರ್ಮವು ರಕ್ತಕ್ಕಿಂತ ಮುಂಚೆ ತಿಳಿಯಾಗುವುದರಿಂದ, ಮೈಬಣ್ಣ ನೋಡಿ ಕಾಮಾಲೆ ಇಳಿಯಿತೆಂದು ಸಮಾಧಾನಪಡುವುದು ಅಪಾಯ. ಕೂಸಿನ ಬಿಲಿರುಬಿನ್ನನ್ನು ಅಳೆದೇ ತಿಳಿಯಬೇಕು. ಅಜ್ಜಿಯ ಕಣ್ಣಿನಿಂದಲೂ ಅಲ್ಲ, ಅಮೆರಿಕದಲ್ಲಿರುವ ಚಿಕ್ಕಪ್ಪನಿಗೆ ಕಳಿಸಿದ ಫೋಟೋದಿಂದಲೂ ಅಲ್ಲ.

ನಮ್ಮ ಹುಡುಗನ ರಕ್ತಪರೀಕ್ಷೆ ಅದೇ ಮಧ್ಯಾಹ್ನ ಆಯಿತು. ಬಿಲಿರುಬಿನ್ 6.4, ಅದರಲ್ಲಿ ನೀರಿನಲ್ಲಿ ಕರಗುವ ಭಾಗ 4.1. ನಲವತ್ತರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಪಿಟಿ 1,840. ಕಲುಷಿತ ನೀರು ಆಹಾರಗಳಿಂದ ಬರುವ ಹೆಪಟೈಟಿಸ್ ಎ ಎಂಬುದು ಖಚಿತವಾಯಿತು. ಅವನ ಹಾಸ್ಟೆಲಿನಲ್ಲಿ ಆ ತಿಂಗಳು ಇನ್ನಿಬ್ಬರು ಮಲಗಿದ್ದರೆಂದು ಆಮೇಲೆ ತಿಳಿಯಿತು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿದ್ದುದರಿಂದ ಮನೆಯಲ್ಲಿಯೇ ವಿಶ್ರಾಂತಿ, ಸೇರಿದಷ್ಟು ಊಟ, ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಕಷಾಯವನ್ನೂ ಕೊಡಬಾರದೆಂಬ ಕಟ್ಟಪ್ಪಣೆ. ಐದನೆಯ ವಾರ ಬಿಲಿರುಬಿನ್ 1.1ಕ್ಕೆ ಇಳಿಯಿತು.

ಅಂದಿನಿಂದ ರಾತ್ರಿ ಬರುವ ಇಂಥ ಚಿತ್ರಗಳಿಗೆ ನಾನು ಹೌದೆಂದೂ ಅಲ್ಲವೆಂದೂ ಉತ್ತರ ಕೊಡುವುದಿಲ್ಲ. ಮೂತ್ರದ ಬಣ್ಣವನ್ನು ಕೇಳುತ್ತೇನೆ, ಮಲವು ಜೇಡಿಮಣ್ಣಿನಂತೆ ಬಿಳಿಚಿದೆಯೇ ಎಂದು ಕೇಳುತ್ತೇನೆ, ಬೆಳಗಾಗಲಿ ಎನ್ನುತ್ತೇನೆ. ಆದರೆ ಓದುಗರು ಇಷ್ಟನ್ನು ನೆನಪಿನಲ್ಲಿಡಬೇಕು: ಹಳದಿ ಅನುಮಾನವಿರುವ ರೋಗಿ ತೂಕಡಿಸುತ್ತ ಅಸಂಬದ್ಧವಾಗಿ ಮಾತಾಡಿದರೆ, ವಸಡಿನಿಂದಲೋ ಮೂಗಿನಿಂದಲೋ ರಕ್ತ ಒಸರಿದರೆ, ಚಳಿಜ್ವರದೊಡನೆ ಹೊಟ್ಟೆಯ ಬಲ ಮೇಲ್ಭಾಗ ನೋಯುತ್ತಿದ್ದರೆ, ಆಕೆ ಗರ್ಭಿಣಿಯಾಗಿದ್ದರೆ, ಅಥವಾ ಹುಟ್ಟಿ ಒಂದು ದಿನ ತುಂಬುವುದರೊಳಗೇ ಕೂಸು ಹಳದಿಯಾದಂತೆ ತೋರಿದರೆ, ಹಾಳೆಯನ್ನೂ ಹಗಲು ಬೆಳಕನ್ನೂ ಕಾಯುತ್ತ ಕೂರದೆ, ದೀಪ ಯಾವ ಬಣ್ಣದ್ದೇ ಆಗಿರಲಿ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.